ಎರಡು ಲಕ್ಷ ಕಟ್ಟಿದ ಮೇಲೆ ಸ್ಟೇಟ್‌ಮೆಂಟ್‌ನಲ್ಲಿ ನಾನು ನೋಡಿದ ಎರಡು ಸಾಲುಗಳು

ತುಮಕೂರಿನ ನಮ್ಮ ಮನೆಗೆ 25 ಲಕ್ಷ ರೂಪಾಯಿ ಸಾಲ ಮಾಡಿದ್ದೇನೆ. ಅವಧಿ 20 ವರ್ಷ, ಬದಲಾಗುವ ಬಡ್ಡಿ, ಈಗ ಶೇ. 8.5, ತಿಂಗಳ ಕಂತು 21,696. ನಾಲ್ಕು ವರ್ಷ ಒಂದು ಕಂತೂ ತಪ್ಪಿಸದೆ ಒಟ್ಟು ಹತ್ತು ಲಕ್ಷ ನಲವತ್ತೊಂದು ಸಾವಿರ ಕಟ್ಟಿದ ಮೇಲೂ ಅಸಲಿನಲ್ಲಿ ಇಳಿದದ್ದು 2.27 ಲಕ್ಷ ಮಾತ್ರ. ಬಾಕಿ 22,73,000, ಉಳಿದ ಕಂತು 192. ಗುಬ್ಬಿಯ ತೋಟದ ಕೊಬ್ಬರಿ ಮಾರಿದ ಹಣದಲ್ಲಿ ಎರಡು ಲಕ್ಷ ಕೈಯಲ್ಲಿ ಉಳಿದಾಗ ಅದನ್ನು ಸಾಲಕ್ಕೇ ಹಾಕೋಣ ಎಂದು ನಿರ್ಧರಿಸಿದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿರುವುದರಿಂದ ಆ ಚಿಂತೆ ಇರಲಿಲ್ಲ.

ಹಣ ಕಟ್ಟುವ ಮೊದಲೇ ಫಲ ಏನಾಗಬೇಕೆಂದು ಬರೆದಿಟ್ಟುಕೊಂಡೆ. ಎದುರಿಗೆ ನಮ್ಮದೇ ಅಂಕಿ ಇಲ್ಲದಿದ್ದರೆ ಬ್ಯಾಂಕ್ ಕೊಟ್ಟ ಅಂಕಿಯನ್ನು ಒಪ್ಪಿಕೊಳ್ಳುವುದಷ್ಟೇ ಉಳಿಯುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಸಾಲು ಸಾಕಾಯಿತು:

```
=NPER(8.5%/12, -21696, 2073000)
=PMT(8.5%/12, 192, -2073000)
```

ಮೊದಲನೆಯದು ಕಂತನ್ನು ಹಾಗೇ ಇಟ್ಟು ಅವಧಿಯನ್ನು ಕೇಳುತ್ತದೆ. ಉತ್ತರ 160.02, ಅಂದರೆ 32 ತಿಂಗಳು ಕಡಿಮೆ. ಎರಡನೆಯದು ಅವಧಿಯನ್ನು ಹಾಗೇ ಇಟ್ಟು ಕಂತನ್ನು ಕೇಳುತ್ತದೆ. ಉತ್ತರ 19,787, ಅಂದರೆ ತಿಂಗಳಿಗೆ 1,909 ರೂಪಾಯಿ ಕಡಿಮೆ. ಕಂತನ್ನು ತಿಂಗಳುಗಳಿಂದ ಗುಣಿಸಿ ಅಸಲನ್ನು ಕಳೆದರೆ ಇನ್ನು ಮುಂದೆ ಕಟ್ಟಬೇಕಾದ ಬಡ್ಡಿ ಸಿಗುತ್ತದೆ. ಏನೂ ಮಾಡದಿದ್ದರೆ ಅದು ಸುಮಾರು 18.93 ಲಕ್ಷ. ಅವಧಿ ಇಳಿಸಿದರೆ 13.99 ಲಕ್ಷ, ಕಂತು ಇಳಿಸಿದರೆ 17.26 ಲಕ್ಷ. ಅದೇ ಎರಡು ಲಕ್ಷದಿಂದ ಒಂದು ದಾರಿಯಲ್ಲಿ 4.94 ಲಕ್ಷ ಉಳಿಯುತ್ತದೆ, ಇನ್ನೊಂದರಲ್ಲಿ 1.67 ಲಕ್ಷ. ಈ ಅಂತರವನ್ನು ಕಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಕಂತು ಕಟ್ಟಿದ ದಿನವೇ, ಐದನೇ ತಾರೀಖು, ಎರಡು ಲಕ್ಷವನ್ನೂ ಕಟ್ಟಿ, ಅವಧಿ ಇಳಿಸಬೇಕೆಂದು ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದೆ. ಬರೆದು ಕೊಡದೇ ಇದ್ದದ್ದು ತಪ್ಪು.

ಮುಂದಿನ ತಿಂಗಳು ಸ್ಟೇಟ್‌ಮೆಂಟ್ ತೆಗೆದೆ. ಮೊದಲು ನೋಡಿದ್ದು ಬಡ್ಡಿಯ ಸಾಲು. ಎರಡು ಲಕ್ಷಕ್ಕೆ ಶೇ. 8.5ರಂತೆ ತಿಂಗಳ ಬಡ್ಡಿ 1,417 ರೂಪಾಯಿ. 16,100 ಇರಬೇಕಾಗಿದ್ದ ಬಡ್ಡಿ 14,684ಕ್ಕೆ ಇಳಿದಿರಬೇಕು. ಇಳಿದಿತ್ತು. ಅಂದರೆ ಹಣ ಅಸಲಿಗೇ ಹೋಗಿದೆ. ಮುಂದಿನ ಕಂತುಗಳಿಗೆಂದು ಮುಂಗಡವಾಗಿ ಎಲ್ಲೋ ಇಟ್ಟಿದ್ದರೆ ಬಡ್ಡಿ ಹಳೆಯ ಮಟ್ಟದಲ್ಲೇ ಉಳಿಯುತ್ತಿತ್ತು. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಬ್ಯಾಂಕಾದರೆ ತಿಂಗಳ ದಿನಗಳಿಗೆ ತಕ್ಕಂತೆ ಈ ಅಂಕಿ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ತಿಂಗಳ ನಡುವೆ ಕಟ್ಟಿದರೆ ಎರಡು ಲಕ್ಷಕ್ಕೆ ದಿನಕ್ಕೆ ಸುಮಾರು 47 ರೂಪಾಯಿಯಂತೆ ಉಳಿದ ದಿನಗಳಿಗೆ ಲೆಕ್ಕ ಹಾಕಬೇಕು.

ಆದರೆ ಬಡ್ಡಿ ಇಳಿದದ್ದು ಅರ್ಧ ಉತ್ತರ ಮಾತ್ರ. ಎರಡು ದಾರಿಯಲ್ಲೂ ಮೊದಲ ತಿಂಗಳ ಬಡ್ಡಿ ಒಂದೇ. ವ್ಯತ್ಯಾಸ ಕಾಣುವುದು ಕಂತಿನಲ್ಲಿ, ಅದರೊಳಗಿನ ಅಸಲಿನ ಪಾಲಿನಲ್ಲಿ. ಕಂತು ಬದಲಾಗದಿದ್ದರೆ ಅಸಲಿಗೆ 7,012 ಹೋಗಬೇಕಿತ್ತು. ಸ್ಟೇಟ್‌ಮೆಂಟ್‌ನಲ್ಲಿ ಇದ್ದದ್ದು 5,103. ಕಂತನ್ನೇ 19,787ಕ್ಕೆ ಇಳಿಸಿದ್ದರು!

ಮನೆಯಲ್ಲಿ ಹೇಳಿದಾಗ ಹೆಂಡತಿ, “ತಿಂಗಳಿಗೆ ಎರಡು ಸಾವಿರದಷ್ಟು ಉಳಿದರೆ ಅದೂ ಒಳ್ಳೆಯದೇ ಅಲ್ಲವೇ?” ಎಂದು ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಆ 1,909 ರೂಪಾಯಿಯನ್ನು ಪ್ರತಿ ತಿಂಗಳೂ ಮತ್ತೆ ಅಸಲಿಗೇ ಕಟ್ಟಿದರೆ ಸಾಲ ಸರಿಸುಮಾರು 160 ತಿಂಗಳಲ್ಲೇ ತೀರುತ್ತದೆ, ಉಳಿತಾಯವೂ ಅಷ್ಟೇ. ಸಂಬಳ ಏರುಪೇರಾಗುವವರಿಗೆ ಕಂತು ಇಳಿಸಿಕೊಳ್ಳುವುದೇ ಜಾಣತನ. ನಮ್ಮ ಮನೆಯಲ್ಲಿ ಆ ಹಣ ಖರ್ಚಾಗಿಯೇ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ಅವಧಿ ಇಳಿಸುವುದೇ ನಮಗೆ ಸರಿ ಎನಿಸಿತು.

ಈ ಬಾರಿ ಅರ್ಜಿ ಬರೆದೆ: “ಕಂತು 21,696 ಹಾಗೆಯೇ ಇರಲಿ, ಅವಧಿ ಇಳಿಸಿ, ಹೊಸ ಕಂತುಪಟ್ಟಿ ಕೊಡಿ.” ಸಾಲ ವಿಭಾಗದ ಅಧಿಕಾರಿ ಓದಿ, “ಬರಹದಲ್ಲಿ ಇಲ್ಲದಿದ್ದರೆ ನಾವು ಕಂತನ್ನೇ ಇಳಿಸುತ್ತೇವೆ ಸರ್” ಎಂದರು. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ.

ಹೊಸ ಪಟ್ಟಿಯಲ್ಲಿ ಉಳಿದ ಕಂತು 160, ಕೊನೆಯದು ಪೂರ್ಣ ಕಂತಲ್ಲ. ಒಂದು ತಿಂಗಳು ಕಡಿಮೆ ಕಂತು ಹೋದದ್ದರಿಂದ ಬಾಕಿ 20,67,897 ಇತ್ತು. ಅದನ್ನೇ NPERಗೆ ಕೊಟ್ಟಾಗ 159.3 ಬಂತು. ಹೊಂದಿತು. ಉಳಿದ ಕಂತುಗಳ ಸಂಖ್ಯೆ, ಅಸಲು ಮತ್ತು ಬಡ್ಡಿಗೆ ಇಲ್ಲಿಯವರೆಗೆ ಹೋದ ಮೊತ್ತ, ಬಡ್ಡಿದರ ಇವನ್ನು ಮೂರು ತಿಂಗಳಿಗೊಮ್ಮೆ ಸಾಲಗಾರರಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ಆ ಹಾಳೆಯನ್ನು ಈಗ ನನ್ನ ಲೆಕ್ಕದ ಪಕ್ಕದಲ್ಲಿಟ್ಟು ನೋಡುತ್ತೇನೆ. ಬಡ್ಡಿದರ ಬದಲಾದ ತ್ರೈಮಾಸಿಕದಲ್ಲಿ ಮಾತ್ರ ಹಳೆಯ ಅಂಕಿಗೆ ಹೋಲಿಸುವುದಿಲ್ಲ. ಅಂದಿನ ಬಾಕಿ ಮತ್ತು ಹೊಸ ದರವನ್ನು ಹಾಕಿ ಮೊದಲಿನಿಂದ ಲೆಕ್ಕ ಮಾಡುತ್ತೇನೆ. ಇಲ್ಲದಿದ್ದರೆ ದರದಿಂದ ಆದ ಬದಲಾವಣೆ ಯಾವುದು, ನಾನು ಕಟ್ಟಿದ ಎರಡು ಲಕ್ಷದಿಂದ ಆದದ್ದು ಯಾವುದು ಎಂದು ಬಿಡಿಸಲು ಆಗುವುದಿಲ್ಲ.