ಕೊನೆಯ ಸ್ಲೈಡ್ ಮೊದಲು ಬರೆದೆ: ಒಂದು ನಿಘಂಟಿನ ಕಥೆ ಕ್ಯಾರೋಸೆಲ್ ಆದ ಬಗೆ

ಹಳೇ ಪುಸ್ತಕಗಳನ್ನು ರಿಪೇರಿ ಮಾಡುವುದು ನನ್ನ ಹವ್ಯಾಸ. ಹರಿದ ಹಾಳೆ, ಕಿತ್ತುಹೋದ ರಟ್ಟು, ಸಡಿಲವಾದ ಹೊಲಿಗೆ ಇಂಥದ್ದನ್ನೆಲ್ಲ ಸರಿಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತೇನೆ. ಅಮ್ಮನ ನಿಘಂಟನ್ನು ಸರಿಮಾಡಿದಾಗ ಅದನ್ನೇ ಒಂದು ಕ್ಯಾರೋಸೆಲ್, ಅಂದರೆ ಒಂದೊಂದೇ ಚಿತ್ರ ಸರಿಸುತ್ತಾ ನೋಡುವ ಪೋಸ್ಟ್ ಮಾಡಿದೆ. ಮೊದಲ ಸಲ ಮಾಡಿದ್ದು ಹತ್ತು ಸ್ಲೈಡ್. ಮೊದಲನೆಯದರಲ್ಲಿ ಪುಸ್ತಕದ ಫೋಟೋ, ಎರಡನೆಯದರಲ್ಲಿ ಬೇಕಾಗುವ ಸಾಮಾನು, ಮೂರನೆಯದರಿಂದ ಒಂಬತ್ತರವರೆಗೆ ಕೆಲಸದ ಹಂತಗಳು. ಹತ್ತನೆಯದರಲ್ಲಿ 'ಲೈಕ್ ಮಾಡಿ, ಶೇರ್ ಮಾಡಿ, ಸೇವ್ ಮಾಡಿ, ಫಾಲೋ ಮಾಡಿ'.

ಹಾಕುವ ಮುಂಚೆ ಗೆಳತಿಯೊಬ್ಬಳ ಕೈಗೆ ಫೋನ್ ಕೊಟ್ಟು ಪಕ್ಕದಲ್ಲೇ ಕೂತೆ. ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಎರಡು ಸಲ ಸರಿಸಿದಳು, ಮೂರನೆಯದರಲ್ಲಿ ನಿಂತಳು, ಫೋನ್ ವಾಪಸ್ ಕೊಟ್ಟಳು.

"ಚೆನ್ನಾಗಿದೆ ಕಣೆ. ಆದ್ರೆ ನಾನು ಪುಸ್ತಕ ಹೊಲಿಯಲ್ಲ ಅಲ್ವಾ, ಮುಂದೆ ಯಾಕೆ ನೋಡ್ಲಿ?"

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಮಾಡಿದ ಕೆಲಸವನ್ನು ಮಾಡಿದ ಕ್ರಮದಲ್ಲೇ ಜೋಡಿಸಿದ್ದೆ. ಒಂದು ಸ್ಲೈಡ್ ನೋಡಿದವರಿಗೆ ಮುಂದಿನದು ಬೇಕು ಅನ್ನಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕಥೆ ಇದ್ದದ್ದು ಬೇರೆ ಕಡೆ. ಆ ನಿಘಂಟು ಎರಡು ಹೋಳಾಗಿದ್ದು ಸುಮ್ನೆ ಎಲ್ಲೋ ಅಲ್ಲ. ಎಷ್ಟು ಸಲ ಕೈಗೆತ್ತಿಕೊಂಡರೂ ಅದೇ ಪುಟದಲ್ಲಿ ಬಾಯಿ ಬಿಡುತ್ತಿತ್ತು.

ಹತ್ತೂ ಸ್ಲೈಡ್ ಅಳಿಸಿ ಮತ್ತೆ ಶುರುಮಾಡಿದೆ. ಈ ಸಲ ಮೊದಲು ಬರೆದದ್ದು ಕೊನೆಯ ಸ್ಲೈಡನ್ನು. ಓದಿದವರು ಕೊನೆಗೆ ಏನು ಮಾಡಬೇಕು ಅಂತ ನನ್ನನ್ನೇ ಕೇಳಿಕೊಂಡೆ. ಲೈಕ್ ಒತ್ತುವುದು ಈ ಕಥೆಗೆ ಸಂಬಂಧವೇ ಇಲ್ಲದ್ದು. ಅವರು ಎದ್ದು ಹೋಗಿ ತಮ್ಮ ಮನೆಯ ಒಂದು ಪುಸ್ತಕ ತೆಗೆದು ನೋಡಬೇಕು, ನನಗೆ ಬೇಕಾಗಿದ್ದದ್ದು ಅದು. ಹಾಗಾಗಿ ಒಂದೇ ಪ್ರಶ್ನೆ ಬರೆದೆ: 'ನಿಮ್ಮ ಮನೆಯ ಹಳೇ ಪುಸ್ತಕ ತಾನಾಗಿಯೇ ಯಾವ ಪುಟದಲ್ಲಿ ತೆರೆದುಕೊಳ್ಳುತ್ತದೆ? ನೋಡಿ ಕಮೆಂಟಿನಲ್ಲಿ ಬರೆಯಿರಿ.' ಬೇರೆ ಏನನ್ನೂ ಕೇಳಲಿಲ್ಲ. ನಾಲ್ಕು ಕೆಲಸ ಒಟ್ಟಿಗೆ ಹೇಳಿದರೆ ಜನ ಒಂದನ್ನೂ ಮಾಡುವುದಿಲ್ಲ. ಬರೀ ಕೆಲಸದ ವಿಧಾನ ಹೇಳುವ ಪೋಸ್ಟ್ ಆದರೆ 'ಸೇವ್ ಮಾಡಿಟ್ಟುಕೊಳ್ಳಿ' ಅನ್ನುತ್ತೇನೆ, ಯಾಕೆಂದರೆ ಅದು ಮುಂದೆ ಬೇಕಾಗುತ್ತದೆ. ಕಥೆಗೆ ಅದು ಹೊಂದುವುದಿಲ್ಲ. 'ಕೆಳಗಿನ ಲಿಂಕ್ ಒತ್ತಿ' ಅಂತಲೂ ಬರೆಯಲು ಹೋಗಬೇಡಿ. ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ.

ಕೊನೆಯ ಪ್ರಶ್ನೆ ಸಿಕ್ಕ ಮೇಲೆ ಕವರ್, ಅಂದರೆ ಮೊದಲ ಸ್ಲೈಡ್, ತಾನಾಗಿಯೇ ಬಂತು: 'ಈ ನಿಘಂಟು ಇದೇ ಪುಟದಲ್ಲಿ ಯಾಕೆ ಹರಿಯಿತು?' ಮೊದಲು ಬರೆದಿದ್ದ 'ಹಳೇ ನಿಘಂಟಿನ ರಿಪೇರಿ' ಅನ್ನುವುದರಲ್ಲಿ ತಿಳಿದುಕೊಳ್ಳಬೇಕಾದ್ದು ಏನೂ ಉಳಿದಿರಲಿಲ್ಲ. ಇದರಲ್ಲಿ ಉಳಿದಿದೆ. ಕವರ್ ಕೇಳುವುದು ನನ್ನ ಪುಸ್ತಕದ ಬಗ್ಗೆ, ಕೊನೆಯ ಸ್ಲೈಡ್ ಕೇಳುವುದು ನಿಮ್ಮ ಪುಸ್ತಕದ ಬಗ್ಗೆ. ನಡುವಿನ ಆರು ಸ್ಲೈಡಿಗೆ ಇದ್ದ ಕೆಲಸ ಒಂದೇ, ಇಲ್ಲಿಂದ ಅಲ್ಲಿಗೆ ಕರೆದುಕೊಂಡು ಹೋಗುವುದು.

ಆ ಆರನ್ನು ಹೀಗೆ ಜೋಡಿಸಿದೆ. ಎರಡನೆಯದರಲ್ಲಿ ಹೋಳಾದ ನಿಘಂಟು, ಜೊತೆಗೆ 'ಎಲ್ಲಿ ಹಿಡಿದು ಎತ್ತಿದರೂ ತೆರೆದುಕೊಳ್ಳುವುದು ಇಲ್ಲೇ' ಅನ್ನುವ ಸಾಲು. ಮೂರನೆಯದರಲ್ಲಿ ನನ್ನ ಮೊದಲ ಊಹೆ: ವಯಸ್ಸಾಗಿ ದಾರ ಕಡಿದಿರಬೇಕು. ಆದರೆ ಬೇರೆ ಕಡೆಯೆಲ್ಲ ದಾರ ಗಟ್ಟಿಯಾಗಿತ್ತು. ನಾಲ್ಕನೆಯದು ನನ್ನ ತಪ್ಪು. ಬೆನ್ನಿಗೆ ದಪ್ಪವಾಗಿ ಬಿಳಿ ಗೋಂದು ಬಳಿದೆ. ಅದು ಒಣಗಿ ಕಡ್ಡಿಯಂತೆ ಬಿರುಸಾಯಿತು, ಪುಸ್ತಕ ಬಿಡಿಸಿದ ಕೂಡಲೇ ಹಳೇ ಬಿರುಕಿನ ಪಕ್ಕದಲ್ಲೇ ಮತ್ತೆ ಬಿಟ್ಟಿತು. ಐದನೆಯದರಲ್ಲಿ ಆ ಪುಟವೇ, ತೀರಾ ಹತ್ತಿರದಿಂದ. ಒಂದು ಪದದ ಪಕ್ಕ ಪೆನ್ಸಿಲ್ಲಿನ ಸಣ್ಣ ಗುರುತು. ಆರನೆಯದರಲ್ಲಿ ಉತ್ತರ. ಅಮ್ಮ ಯಾರಿಗೇ ಪತ್ರ ಬರೆದರೂ ಕೊನೆಗೆ 'ಕೃತಜ್ಞತೆ' ಅನ್ನುವ ಪದ ಬರುತ್ತಿತ್ತು. ಒತ್ತು ಯಾವುದಕ್ಕೆ ಅನ್ನುವ ಅನುಮಾನ ಅವರಿಗೆ ಯಾವತ್ತೂ ಹೋಗಲಿಲ್ಲ. ಪ್ರತಿ ಸಲವೂ ನಿಘಂಟು ತೆಗೆದು ನೋಡಿಯೇ ಬರೆಯುತ್ತಿದ್ದರು. ಏಳನೆಯದರಲ್ಲಿ ರಿಪೇರಿ, ಒಂದೇ ಸ್ಲೈಡಿನಲ್ಲಿ: ಬೆನ್ನಿಗೆ ತೆಳು ಹತ್ತಿ ಬಟ್ಟೆಯ ಪಟ್ಟಿ, ಹಿಟ್ಟಿನ ತೆಳು ಅಂಟು, ರಾತ್ರಿಯಿಡೀ ಭಾರದ ಕೆಳಗೆ.

ಹಳೇದರಲ್ಲಿ ಏಳು ಸ್ಲೈಡ್ ತಿಂದಿದ್ದ ರಿಪೇರಿ ಇಲ್ಲಿ ಒಂದಕ್ಕೆ ಇಳಿಯಿತು. ಅದನ್ನು ಕತ್ತರಿಸುವಾಗ ಹೊಟ್ಟೆ ಉರಿದದ್ದು ನಿಜ. ನನ್ನ ಶ್ರಮವೆಲ್ಲ ಇದ್ದದ್ದು ಅಲ್ಲಿ. ಆದರೆ ಓದುವವರ ಕುತೂಹಲ ಅಲ್ಲಿರಲಿಲ್ಲ. ನಾಲ್ಕನೇ ಸ್ಲೈಡನ್ನು ಮಾತ್ರ ಯಾರು ಹೇಳಿದರೂ ತೆಗೆಯಲಿಲ್ಲ. ತಪ್ಪು ದಾರಿ ಹಿಡಿದದ್ದನ್ನು ತೋರಿಸದಿದ್ದರೆ ಐದನೆಯದರಲ್ಲಿ ಪುಟವನ್ನು ಹತ್ತಿರದಿಂದ ನೋಡಲು ಕಾರಣವೇ ಇರುವುದಿಲ್ಲ.

ಎರಡನೇ ಸ್ಲೈಡಿನ ಮೇಲೆ ಇನ್ನಷ್ಟು ಹೊತ್ತು ಕೂತೆ. ಒಮ್ಮೆ ಕವರ್ ನೋಡಿ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಸ್ಲೈಡಿನಿಂದ ತೋರಿಸುತ್ತದೆ. ಅಂದರೆ ಎರಡನೆಯದೂ ಒಂದು ಕವರೇ. 'ಹಿಂದೆ ಹೇಳಿದಂತೆ' ಅಂತ ಅದು ಶುರುವಾಗಬಾರದು. ಅದೊಂದನ್ನೇ ನೋಡಿದರೂ ಅರ್ಥವಾಗಬೇಕು.

ಇನ್ನು ಅಳತೆ. ಎಲ್ಲ ಸ್ಲೈಡೂ 1080 ಪಿಕ್ಸೆಲ್ ಅಗಲ, 1350 ಎತ್ತರ. ಒಂದು ಚೌಕದ ಫೋಟೋವನ್ನು ಹಾಗೇ ನಡುವೆ ಸೇರಿಸಲು ಹೋಗಿ ಒಮ್ಮೆ ಅದರ ಎರಡೂ ಅಂಚು ಕತ್ತರಿಸಿಹೋದವು, ಮೊದಲ ಸ್ಲೈಡಿನ ಆಕಾರವನ್ನೇ ಇನ್‌ಸ್ಟಾಗ್ರಾಮ್ ಉಳಿದವಕ್ಕೂ ಹಾಕಿತ್ತು. ಈಗ ಎಲ್ಲವನ್ನೂ ಮೊದಲೇ ಒಂದೇ ಅಳತೆಗೆ ತರುತ್ತೇನೆ. ಪ್ರೊಫೈಲಿನ ಗ್ರಿಡ್ 2025ರಲ್ಲಿ ಚೌಕದಿಂದ 3:4ಕ್ಕೆ ಬದಲಾಯಿತು. ನಮ್ಮ ಕವರ್ 4:5. ಅದು ಗ್ರಿಡ್‌ನಲ್ಲಿ ಕೂರುವಾಗ ಎಡಬಲದಲ್ಲಿ ತಲಾ ಸುಮಾರು 34 ಪಿಕ್ಸೆಲ್ ಮರೆಯಾಗುತ್ತದೆ. ಅದಕ್ಕೇ ನಾನು ಸುತ್ತಲೂ 100 ಪಿಕ್ಸೆಲ್ ಜಾಗ ಬಿಡುತ್ತೇನೆ. ಬಲಗಡೆ ಮೇಲಿನ ಮೂಲೆಯಲ್ಲಿ ಏನನ್ನೂ ಇಡುವುದಿಲ್ಲ, ಸ್ಲೈಡಿನ ಎಣಿಕೆ 1/8 ಅಂತ ಅಲ್ಲೇ ಬರುತ್ತದೆ.

ಅಕ್ಷರದ ಗಾತ್ರಕ್ಕೆ ಒಂದು ಸುಲಭ ಲೆಕ್ಕ ಇದೆ. ಫೋನಿನ ಪೂರ್ತಿ ಅಗಲದಲ್ಲಿ ಸ್ಲೈಡ್ ಸರಿಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಗ್ರಿಡ್‌ನಲ್ಲಿ ಒಂದು ಸಾಲಿಗೆ ಮೂರು ಚಿತ್ರ, ಹಾಗಾಗಿ ಅಲ್ಲಿ ಒಂಬತ್ತನೇ ಒಂದು. ಒಳಗಿನ ಸ್ಲೈಡಿನಲ್ಲಿ 36ರ ಅಕ್ಷರ ಕಣ್ಣಿಗೆ 12ರಷ್ಟು ಕಾಣುತ್ತದೆ, ಸಾಲುಗಟ್ಟಲೆ ಓದಲು ಅದು ಕಡಿಮೆ. ನಾನು 48ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕವರಿನ ಶೀರ್ಷಿಕೆ ಗ್ರಿಡ್‌ನಲ್ಲೂ ಓದಬೇಕೆಂದರೆ 108 ಆದರೂ ಬೇಕು. ಆ ಗಾತ್ರದಲ್ಲಿ ಆರೇಳು ಪದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಉದ್ದದ ಶೀರ್ಷಿಕೆ ತಾನಾಗಿಯೇ ಮೊಟಕಾಗುತ್ತದೆ.

ಕನ್ನಡದಲ್ಲಿ ಮಾಡುವವರಿಗೆ ಇನ್ನೊಂದು ತೊಂದರೆ ಇದೆ. ಆರನೇ ಸ್ಲೈಡಿನಲ್ಲಿ ಅಮ್ಮನ ಆ ಪದವನ್ನು ದೊಡ್ಡದಾಗಿ ಬರೆದೆ. ತೆರೆಯ ಮೇಲೆ ಬಂದದ್ದು 'ಕೃತಜ್‌ಞತೆ'. ಒತ್ತು ಕಳಚಿಕೊಂಡು ಪಕ್ಕದಲ್ಲಿ ನಿಂತಿತ್ತು! ಜೀವಮಾನವಿಡೀ ಆ ಒತ್ತು ಸರಿಯಾಗಿರಲಿ ಅಂತ ನಿಘಂಟು ತೆಗೆದವರ ಕಥೆಯಲ್ಲಿ ಅದೊಂದು ತಪ್ಪಬಾರದಿತ್ತು. ಸ್ಲೈಡ್ ಮಾಡುವ ಆಪ್‌ನಲ್ಲಿ ನಾನು ಆರಿಸಿದ್ದ ಅಲಂಕಾರದ ಫಾಂಟ್ ಒತ್ತಕ್ಷರವನ್ನು ಜೋಡಿಸುತ್ತಿರಲಿಲ್ಲ. ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ಸಾಲುಗಳ ನಡುವಿನ ಅಂತರವನ್ನೂ ಒಂದೂವರೆಯಷ್ಟಕ್ಕೆ ಏರಿಸಿದೆ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪೋಸ್ಟ್ ಹಾಕಿದ ಮೇಲೆ ಕ್ಯಾಪ್ಷನ್ ತಿದ್ದಬಹುದು, ಚಿತ್ರದೊಳಗಿನ ಅಕ್ಷರ ತಿದ್ದಲು ಆಗುವುದಿಲ್ಲ. ಹಾಗಾಗಿ ಪ್ರತಿ ಸ್ಲೈಡನ್ನೂ ಮೊದಲು ನನ್ನ ಫೋನಿಗೇ ಕಳಿಸಿಕೊಂಡು, ಕೈಯಷ್ಟು ದೂರ ಹಿಡಿದು, ಗಟ್ಟಿಯಾಗಿ ಓದುತ್ತೇನೆ. ಗಟ್ಟಿಯಾಗಿ ಓದುವಾಗ ತಪ್ಪಿದ ಅಕ್ಷರಕ್ಕೆ ನಾಲಿಗೆ ಎಡವುತ್ತದೆ.

ಕವರ್ ಒಂದೇ ಥರ ಇರಬೇಕು ಅಂತ ಒಂದು ಫೈಲ್ ಮಾಡಿಟ್ಟಿದ್ದೇನೆ. ಎಡಗಡೆ ಪುಸ್ತಕದ ಬೆನ್ನಿನಂತೆ ಕಡುಕೆಂಪು ಪಟ್ಟಿ, ಮೇಲಿನ ಅರ್ಧ ಫೋಟೋ, ಕೆಳಗೆ ಶೀರ್ಷಿಕೆ, ಅದರಡಿ ಚಿಕ್ಕದಾಗಿ ಸರಣಿಯ ಹೆಸರು. ಫೋಟೋ ಮತ್ತು ಶೀರ್ಷಿಕೆ ಮಾತ್ರ ಬದಲಾಗುತ್ತವೆ. ಪಟ್ಟಿಯ ಬಣ್ಣವನ್ನು ಕಣ್ಣಂದಾಜಿನಲ್ಲಿ ಆರಿಸದೆ ಅದರ ಕೋಡ್ ಬರೆದಿಟ್ಟುಕೊಂಡಿದ್ದೇನೆ, ಇಲ್ಲದಿದ್ದರೆ ನಾಲ್ಕನೇ ಪೋಸ್ಟಿನ ಹೊತ್ತಿಗೆ ಕೆಂಪು ಕಂದಾಗಿರುತ್ತದೆ. ಮುಂಚೆ ಪಟ್ಟಿ ತೀರಾ ಅಂಚಿಗಿತ್ತು, 30 ಪಿಕ್ಸೆಲ್ ಅಗಲ. ಗ್ರಿಡ್‌ನಲ್ಲಿ ಅದು ಪೂರ್ತಿ ಮಾಯ. ಈಗ 90 ಇದೆ. ಕೊನೆಯ ಸ್ಲೈಡಿನಲ್ಲಿ ಅದೇ ಪಟ್ಟಿ ಬಲಗಡೆ ಬರುತ್ತದೆ, ಮುಚ್ಚಿದ ಪುಸ್ತಕವನ್ನು ತಿರುಗಿಸಿ ಹಿಂದಿನ ರಟ್ಟು ನೋಡಿದಂತೆ. ನಡುವಿನ ಸ್ಲೈಡುಗಳಿಗೆ ಪಟ್ಟಿ ಇಲ್ಲ, ಬರೀ ಹಾಳೆಯ ಬಣ್ಣ. ಕಥೆ ಮುಗಿಯಿತು ಅಂತ ಓದುವ ಮುಂಚೆಯೇ ಕಣ್ಣಿಗೆ ಗೊತ್ತಾಗುತ್ತದೆ.

ಹಾಕುವ ದಿನ ಮಾಡಿದ್ದು ಇನ್ನೆರಡೇ ಕೆಲಸ. ಫೈಲುಗಳಿಗೆ 01, 02 ಅಂತ ಹೆಸರಿಟ್ಟು ಅದೇ ಕ್ರಮದಲ್ಲಿ ಆರಿಸಿದೆ. ಕಣ್ಣು ಕಾಣದವರ ಫೋನ್ ಚಿತ್ರದೊಳಗಿನ ಅಕ್ಷರವನ್ನು ಓದಿ ಹೇಳುತ್ತದೆ ಅಂತ ನಂಬಿ ಕೂರುವಂತಿಲ್ಲ, ಅದಕ್ಕೆ ಪ್ರತಿ ಸ್ಲೈಡಿಗೂ ಆಲ್ಟ್ ಟೆಕ್ಸ್ಟ್, ಅಂದರೆ ಫೋನ್ ಓದಿ ಹೇಳುವ ಚಿತ್ರದ ವಿವರಣೆ ಬರೆದೆ.

ಅದೇ ಗೆಳತಿಗೆ ಮತ್ತೆ ಫೋನ್ ಕೊಟ್ಟಾಗ ಎಂಟನೆಯದರವರೆಗೆ ಹೋದಳು. ಐದರಿಂದ ಒಮ್ಮೆ ನಾಲ್ಕಕ್ಕೆ ವಾಪಸ್ ಬಂದು ನೋಡಿದಳು. "ಯಾವ ಪದ ಅಂತ ಆಮೇಲೆ ಹೇಳಿದ್ದು ಒಳ್ಳೇದಾಯ್ತು ಕಣೆ" ಅಂದಳು.

ಪೋಸ್ಟ್ ಹಾಕಿದ ಮೇಲೆ ಬಂದ ಕಮೆಂಟುಗಳಲ್ಲಿ 'ಸೂಪರ್' ಕಡಿಮೆ, ಪುಸ್ತಕಗಳ ಹೆಸರು ಜಾಸ್ತಿ. ಒಬ್ಬರು ತಮ್ಮ ಅಜ್ಜಿಯ ಭೂಪಟದ ಪುಸ್ತಕದ ಬಗ್ಗೆ ಬರೆದಿದ್ದರು. ಅದು ಯಾವಾಗಲೂ ಒಂದೇ ದೇಶದ ಪುಟದಲ್ಲಿ ತೆರೆದುಕೊಳ್ಳುತ್ತದಂತೆ, ಅಜ್ಜಿಯ ಕಿರಿ ಮಗ ಹೋಗಿ ನೆಲೆಸಿದ ದೇಶ. ಅವರ ಒಪ್ಪಿಗೆ ಕೇಳಿ ಆ ಪುಟದ ಫೋಟೋ ತರಿಸಿಕೊಂಡಿದ್ದೇನೆ. ಕವರಿನ ಫೈಲಿನ ಇನ್ನೊಂದು ಪ್ರತಿ ತೆಗೆದಿಟ್ಟಾಗಿದೆ, ಕೆಂಪು ಪಟ್ಟಿ ಹಾಗೇ ಇದೆ, ಶೀರ್ಷಿಕೆಯ ಜಾಗ ಖಾಲಿ ಇದೆ. ಕೊನೆಯ ಸ್ಲೈಡಿನ ಪ್ರಶ್ನೆ ಏನಿರಬೇಕು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ.