ಜೂನಿಯರ್ ಬರೆದ ನೋಟಿಸಿನ ಅಂಚಿನಲ್ಲಿ ನಾನು ಬರೆಯುವುದು

ನಮ್ಮ ವಕೀಲರ ಆಫೀಸಿನಲ್ಲಿ ಜೂನಿಯರ್‌ಗಳಿಗೆ ಮೊದಲು ಕೊಡುವ ಕೆಲಸ ಚೆಕ್ ಬೌನ್ಸ್ ನೋಟಿಸು. ಬ್ಯಾಂಕಿನಿಂದ ವಾಪಸಾದ ಚೆಕ್ಕಿನ ಹಣ ಕೇಳಿ ಕಳಿಸುವ ಚಿಕ್ಕ ಬರಹ. ನಾನೇ ತಿದ್ದಿದರೆ ಬೇಗ ಮುಗಿಯುತ್ತದೆ. ಆದರೆ ನಾನು ತಿದ್ದಿದ ವಾಕ್ಯವನ್ನು ಅವರು ಮುಂದಿನ ನೋಟಿಸಿಗೂ ಹಾಗೇ ಎತ್ತಿ ಹಾಕುತ್ತಾರೆ. ಸಂಗತಿ ಬೇರೆಯಾದಾಗ ಆ ವಾಕ್ಯ ಕೈಕೊಡುತ್ತದೆ. ಅದಕ್ಕೇ ಅಂಚಿನಲ್ಲಿ ಕಾರಣ ಬರೆದು, ವಾಕ್ಯವನ್ನು ಅವರಿಗೇ ಬಿಡುತ್ತೇನೆ.

ಒಬ್ಬ ಜೂನಿಯರ್ ತಂದ ಡ್ರಾಫ್ಟಿನಲ್ಲಿ ಹೀಗಿತ್ತು: “ಅಸಲು, ಬಡ್ಡಿ, ಖರ್ಚು ಸೇರಿ ರೂ. 3,10,000 ಅನ್ನು 7 ದಿನಗಳೊಳಗೆ ಪಾವತಿಸತಕ್ಕದ್ದು.” ಚೆಕ್ಕಿನಲ್ಲಿ ಇದ್ದದ್ದು ರೂ. 2,50,000.

“ಮೊತ್ತ ಸರಿಮಾಡಿ” ಎಂದಷ್ಟೇ ಬರೆದಿದ್ದರೆ ಅವಳು ಅಂಕಿ ಬದಲಿಸುತ್ತಿದ್ದಳು. ಬಡ್ಡಿಯನ್ನು ಕೇಳಲೇಬಾರದು ಎಂದೂ ಅಂದುಕೊಳ್ಳುತ್ತಿದ್ದಳು. ಅದು ತಪ್ಪು ಪಾಠ ಅಲ್ವಾ? ನಾನು ಬರೆದದ್ದು ಇದು: “ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಪ್ರಕಾರ ಚೆಕ್ಕಿನ ಹಣವನ್ನು ಕೇಳಿರಬೇಕು. ಅದು ಎಷ್ಟು ಅಂತ ಈ ವಾಕ್ಯದಲ್ಲಿ ಎಲ್ಲಿದೆ? ಎದುರು ವಕೀಲರು ಪಾಟೀಸವಾಲಿನಲ್ಲಿ ಇದನ್ನೇ ಹಿಡಿಯುತ್ತಾರೆ. ಬಡ್ಡಿ, ಖರ್ಚು ಕೇಳಬಹುದು, ಆದರೆ ಬೇರೆಯಾಗಿ ಕಾಣಬೇಕು. ಸುಪ್ರೀಂ ಕೋರ್ಟಿನ ಸುಮನ್ ಸೇಠಿ ತೀರ್ಪು (2000) ಓದಿ, ಆಮೇಲೆ ಬರೆಯಿರಿ.”

ಈ ಟಿಪ್ಪಣಿಯಲ್ಲಿ ನನಗೆ ಮುಖ್ಯ ಅನ್ನಿಸುವುದು ಎದುರು ವಕೀಲರ ಮಾತು. ಆ ಸಾಲನ್ನು ಮುಂದೆ ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂದು ಹೇಳಿದರೆ ಕಾರಣ ತಲೆಯಲ್ಲಿ ನಿಲ್ಲುತ್ತದೆ. ಸುಮ್ನೆ ಕಲಂ ನಂಬರ್ ಬರೆದರೆ ನಿಲ್ಲುವುದಿಲ್ಲ.

7 ದಿನದ ಪಕ್ಕದಲ್ಲೂ ಹೀಗೇ: “ನೋಟಿಸು ಕೈಸೇರಿದ ಮೇಲೆ 15 ದಿನ ಕಾನೂನೇ ಕೊಟ್ಟಿದೆ. ನಮ್ಮ ಕಕ್ಷಿದಾರರು ಇದನ್ನು ನೋಡಿ 8ನೇ ದಿನ ಕೇಸು ಹಾಕಿ ಅಂತ ಬಂದರೆ? 15 ದಿನ ಮುಗಿಯುವ ಮೊದಲು ಹಾಕಿದ ದೂರು ನಿಲ್ಲುವುದಿಲ್ಲ.”

ಭಾಷೆಯ ತಿದ್ದುಪಡಿ ಬೇರೆ. “ಪಾವತಿಸತಕ್ಕದ್ದು” ನನಗೆ ಹಿಡಿಸುವುದಿಲ್ಲ, “ಪಾವತಿಸಬೇಕು” ಸಾಕು. ಅಂಥದ್ದರ ಪಕ್ಕ “ಇದು ನನ್ನ ಇಷ್ಟ, ಬಿಡಬಹುದು” ಎಂದು ಬರೆಯುತ್ತೇನೆ. ಇಲ್ಲದಿದ್ದರೆ ಕೇಸು ಕೆಡಿಸುವ ತಪ್ಪೂ ನನ್ನ ರುಚಿಯೂ ಒಂದೇ ತೂಕದಲ್ಲಿ ಕಾಣುತ್ತವೆ. ಟಿಪ್ಪಣಿ ಜಾಸ್ತಿಯಾದರೆ ಇಂಥವನ್ನೇ ಮೊದಲು ಅಳಿಸುತ್ತೇನೆ.

ಒಂದು ಮಿತಿ ಇದೆ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು ಕಳಿಸಬೇಕು. ಕೊನೆಯ ದಿನ ಹತ್ತಿರವಿದ್ದರೆ ನಾನೇ ಬರೆದು ಕಳಿಸಿಬಿಡುತ್ತೇನೆ. ಹಳೆಯ ಡ್ರಾಫ್ಟಿನ ಮೇಲೆ ಕಾರಣಗಳನ್ನು ಆಮೇಲೆ ಬರೆದು ಕೊಡುತ್ತೇನೆ.

ಪಾಠ ಇಳಿದಿದೆಯೇ ಎಂದು ತಿಳಿಯಲು ಅದೇ ನೋಟಿಸನ್ನು ಮತ್ತೆ ನೋಡಿ ಪ್ರಯೋಜನವಿಲ್ಲ. ಬೇರೆ ಥರದ ಕೇಸು ಕೊಡಬೇಕು. ಅವಳಿಗೆ ಎರಡು ಚೆಕ್ಕಿನ ಕೇಸು ಕೊಟ್ಟೆ. ಎರಡೂ ಬೇರೆ ಬೇರೆ ದಿನ ವಾಪಸಾಗಿದ್ದವು. ಅವಳು ಒಂದೊಂದರ ಮೊತ್ತವನ್ನೂ ಬಿಡಿಸಿ ಬರೆದು, ಬಡ್ಡಿಯನ್ನು ಕೆಳಗೆ ಬೇರೆ ಹಾಕಿದ್ದಳು. ಅಂಚಿನಲ್ಲಿ ಅವಳದೇ ಪೆನ್ಸಿಲ್ ಗುರುತು: “ಮೊದಲ ಚೆಕ್ಕಿನ 30 ದಿನ ಮುಂಚೆ ಮುಗಿಯುತ್ತದೆ ಸರ್, ಅಷ್ಟರೊಳಗೆ ಕಳಿಸೋಣ.” ಆ ಡ್ರಾಫ್ಟಿನಲ್ಲಿ ನಾನು ಕೇಳಿದ್ದು ನೋಟಿಸು ಕಳಿಸುವ ವಿಳಾಸದ ಬಗ್ಗೆ ಮಾತ್ರ.