ಮೀರಾಮಾರ್ ಫೋಟೋದಲ್ಲಿ ಜೋಡಿಯನ್ನು ಬಲಕ್ಕೆ ಸರಿಸಿದ್ದು

ವಾಸ್ಕೋದಲ್ಲಿ ನೆಲೆಸಿರುವ ನಮ್ಮ ಕಡೆಯ ಕುಟುಂಬವೊಂದರ ಮದುವೆ ಕಾರ್ಡಿಗೆ ಮೀರಾಮಾರ್ ಬೀಚಿನಲ್ಲಿ ಫೋಟೋ ತೆಗೆದಿದ್ದೆ. ಜೋಡಿ ಫ್ರೇಮಿನ ಸರಿಯಾಗಿ ನಡುವೆ ನಿಂತಿತ್ತು. ಹುಡುಗನ ಅಣ್ಣ ಫೋನ್ ಮಾಡಿ, "ಅಣ್ಣಾರ, ಇಬ್ಬರನ್ನೂ ಸ್ವಲ್ಪ ಬಲಕ್ಕ ಸರಸ್ರಿ. ಎಡಕ್ಕ ಹೆಸರು, ಮುಹೂರ್ತ ಎಲ್ಲಾ ಬರಬೇಕು" ಎಂದರು. ಕ್ರಾಪ್ ಮಾಡಿದರೆ ಕಾರ್ಡಿನ ಅಗಲಕ್ಕೆ ಫೋಟೋ ಸಾಲುತ್ತಿರಲಿಲ್ಲ. ಹಾಗಾಗಿ ಫೋಟೋಶಾಪಿನ Content-Aware Move ಟೂಲ್ ತೆಗೆದುಕೊಂಡೆ. ಸೆಲೆಕ್ಟ್ ಮಾಡಿದ ಭಾಗವನ್ನು ಬೇರೆ ಕಡೆ ಸರಿಸಿ, ಖಾಲಿಯಾದ ಹಳೇ ಜಾಗವನ್ನು ಅದೇ ತುಂಬುತ್ತದೆ. ಇದು Spot Healing Brush ಇರುವ ಗುಂಪಿನಲ್ಲೇ ಸಿಗುತ್ತದೆ. Shift+J ಒತ್ತುತ್ತಾ ಹೋದರೆ ಬರುತ್ತದೆ.

ಮೊದಲು ಸಮುದ್ರದ ಗೆರೆಯನ್ನು, ಅಂದರೆ ನೀರು ಆಕಾಶ ಕೂಡುವ ಗೆರೆಯನ್ನು, ನೇರ ಮಾಡಿಕೊಂಡೆ. ಅದು ಒಂಚೂರು ಓರೆಯಾಗಿದ್ದರೂ, ಜೋಡಿ ಜೊತೆ ಹೋಗುವ ಸಮುದ್ರದ ತುಂಡು ಹೊಸ ಜಾಗದಲ್ಲಿ ಮೆಟ್ಟಿಲಿನಂತೆ ಕಾಣುತ್ತದೆ. ಆಮೇಲೆ Ctrl+R ಒತ್ತಿ, ರೂಲರ್‌ನಿಂದ ಒಂದು ಗೈಡ್ ಎಳೆದು ಆ ಗೆರೆಯ ಮೇಲಿಟ್ಟೆ. ಮೇಲೊಂದು ಖಾಲಿ ಲೇಯರ್ ಹಾಕಿ Sample All Layers ಆನ್ ಮಾಡಿದೆ. ಹೀಗೆ ಮಾಡಿದರೆ ಮೂಲ ಫೋಟೋಗೆ ಏನೂ ಆಗುವುದಿಲ್ಲ.

ಸೆಲೆಕ್ಷನ್ ಮಾಡುವಾಗ ಜೋಡಿಯ ಸುತ್ತ ತೆಳ್ಳಗೆ ಒಂದು ಅಂಚು ಬಿಟ್ಟೆ. ಬಿಗಿಯಾಗಿ ಕತ್ತರಿಸಿದರೆ ಹಳೇ ಜಾಗದಲ್ಲಿ ಕೂದಲು, ಸೆರಗಿನ ಗೆರೆ ಉಳಿದುಬಿಡುತ್ತವೆ. ತೀರಾ ಸಡಿಲ ಬಿಟ್ಟರೆ ಹಳೇ ಅಲೆಯ ತುಂಡೂ ಜೊತೆಗೆ ಬರುತ್ತದೆ. ಇನ್ನು, ಒದ್ದೆ ಮರಳಿನಲ್ಲಿ ಕಾಲಿನ ಕೆಳಗೆ ಬಿದ್ದ ಪ್ರತಿಬಿಂಬವನ್ನೂ ಸೆಲೆಕ್ಷನ್ ಒಳಗೆ ಸೇರಿಸಲೇಬೇಕು. ಅದನ್ನು ಬಿಟ್ಟರೆ ಜೋಡಿ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ, ಹಳೇ ಜಾಗದಲ್ಲಿ ಯಾರೂ ಇಲ್ಲದ ಪ್ರತಿಬಿಂಬ ಉಳಿಯುತ್ತದೆ. ನಮಗೆ ಅವತ್ತು ಮೋಡ ಇತ್ತು, ನೆರಳಿನ ತಂಟೆ ಇರಲಿಲ್ಲ. ಮುಳುಗುವ ಸೂರ್ಯ ಫ್ರೇಮಿನಲ್ಲೇ ಇದ್ದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಪ್ರತಿಬಿಂಬ ಎಲ್ಲಿಗೆ ಸರಿಸಿದರೂ ನೇರ ಕೆಳಗೇ ಬೀಳುತ್ತದೆ. ನೆರಳು ಹಾಗಲ್ಲ, ಸೂರ್ಯನ ಕೆಳಗಿನ ಬಿಂದುವಿನಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡುತ್ತದೆ. ಜೋಡಿ ಬಲಕ್ಕೆ ಹೋದರೆ ನೆರಳೂ ಇನ್ನಷ್ಟು ಬಲಕ್ಕೆ ವಾಲಬೇಕು. ಆ ಕೆಲಸವನ್ನು ಈ ಟೂಲ್ ಮಾಡುವುದಿಲ್ಲ.

Mode ಅನ್ನು Move ನಲ್ಲಿಟ್ಟು, Transform On Drop ಆನ್ ಮಾಡಿ ಬಲಕ್ಕೆ ಎಳೆದೆ. ಮೌಸ್ ಬಿಟ್ಟಾಗ ಸುತ್ತ ಒಂದು ಬಾಕ್ಸ್ ಬರುತ್ತದೆ. ಅಲ್ಲಿ ಗಾತ್ರ ನೋಡಿಕೊಳ್ಳಬೇಕು. ಕ್ಯಾಮೆರಾವನ್ನು ಎದೆಯ ಎತ್ತರದಲ್ಲಿ ಹಿಡಿದಿದ್ದೆ, ಹಾಗಾಗಿ ಸಮುದ್ರದ ಗೆರೆ ಹುಡುಗನ ಎದೆಯ ಮೇಲೆ ಹಾಯುತ್ತಿತ್ತು. ಸಮತಟ್ಟು ಮರಳಿನಲ್ಲಿ ಅವನು ಹತ್ತಿರ ನಿಂತರೂ ದೂರ ನಿಂತರೂ ಗೆರೆ ಅಲ್ಲೇ ಹಾಯಬೇಕು. ನೇರ ಬಲಕ್ಕೆ ಸರಿಸಿದರೆ ಏನೂ ಬದಲಾಗುವುದಿಲ್ಲ. ಪಾದ ಸ್ವಲ್ಪ ಮೇಲಕ್ಕೆ, ಅಂದರೆ ನೀರಿನ ಕಡೆಗೆ ಹೋದರೆ, ಗೆರೆ ಮತ್ತೆ ಎದೆಗೆ ಬರುವವರೆಗೆ ಜೋಡಿಯನ್ನು ಚಿಕ್ಕದು ಮಾಡಬೇಕು. ಇಲ್ಲದಿದ್ದರೆ ನೋಡುವವರಿಗೆ ಅವರು ದೈತ್ಯರಂತೆ ಕಾಣುತ್ತಾರೆ.

Enter ಒತ್ತಿದ ತಕ್ಷಣ ಸೆಲೆಕ್ಷನ್ ತೆಗೆಯಬಾರದು. ಅದು ಇರುವಷ್ಟು ಹೊತ್ತು Structure, Color ಬದಲಿಸುತ್ತಾ ಫಲಿತಾಂಶ ನೋಡಬಹುದು. Structure 1ರಿಂದ 7ರವರೆಗೆ ಇರುತ್ತದೆ. ಹೆಚ್ಚಿದಷ್ಟೂ ಮೂಲದ ಆಕಾರ ಉಳಿಯುತ್ತದೆ, ಕಡಿಮೆಯಾದಷ್ಟೂ ಅಂಚು ಸುತ್ತಲಿನ ಜೊತೆ ಕಲೆಯುತ್ತದೆ. Color 0ರಿಂದ 10. ಕೂದಲಿನ ಸುತ್ತ ಆಕಾಶದ ಬಣ್ಣ ಬೇರೆಯಾಗಿ ಕಂಡಿದ್ದರಿಂದ ಅದನ್ನು ನಡುಮಟ್ಟಕ್ಕೆ ಏರಿಸಿದೆ. ಜಾಸ್ತಿ ಏರಿಸಿದಾಗ ಸೀರೆಯ ಅಂಚಿನ ಬಣ್ಣ ಕದಡಿತು, ಮತ್ತೆ ಇಳಿಸಿದೆ.

ನಿಜವಾದ ಕೆಲಸ ಇದ್ದದ್ದು ಖಾಲಿಯಾದ ಜಾಗದಲ್ಲಿ. ಆ ಜಾಗ ಆಕಾಶ, ಸಮುದ್ರ, ಮರಳು ಮೂರನ್ನೂ ದಾಟುತ್ತಿತ್ತು. ಟೂಲ್ ತುಂಬಿದ್ದು ಮರಳಿನಲ್ಲಿ ಚೆನ್ನಾಗಿತ್ತು. ಆದರೆ ಸಮುದ್ರದ ಗೆರೆ ಮುರಿದಿತ್ತು, ಒಂದೇ ನೊರೆಯ ಸಾಲು ಎರಡು ಕಡೆ ಕಾಣುತ್ತಿತ್ತು. ಇಂಥಲ್ಲಿ ಪೂರ್ತಿ ಜಾಗವನ್ನು ಒಟ್ಟಿಗೆ ತುಂಬಲು ಹೋಗುವುದಿಲ್ಲ. ಆಕಾಶದ ಭಾಗ, ಸಮುದ್ರದ ಭಾಗ ಬೇರೆ ಬೇರೆ ಸೆಲೆಕ್ಟ್ ಮಾಡಿ, Edit ಮೆನುವಿನ Content-Aware Fill ತೆರೆದೆ. ಅಲ್ಲಿ ಹಸಿರಾಗಿ ಕಾಣುವ ಪ್ರದೇಶದಿಂದಲೇ ಅದು ಮಾದರಿ ತೆಗೆದುಕೊಳ್ಳುತ್ತದೆ. ಸಮುದ್ರಕ್ಕೆ ಸಮುದ್ರದ ಪಟ್ಟಿ ಮಾತ್ರ ಹಸಿರು ಉಳಿಯುವಂತೆ ಬ್ರಷ್‌ನಿಂದ ಮಿಕ್ಕಿದ್ದನ್ನು ಅಳಿಸಿದೆ. ಜೋಡಿಯನ್ನಂತೂ ಖಂಡಿತ ಅಳಿಸಬೇಕು, ಇಲ್ಲವೆಂದರೆ ನೀರಿನ ನಡುವೆ ಸೀರೆಯ ಚೂರು ಹುಟ್ಟಿಕೊಳ್ಳುತ್ತದೆ. ಹೊಸ ಲೇಯರ್‌ಗೆ ಹಾಕಿಸಿಕೊಂಡರೆ ತಿದ್ದಲು ಸುಲಭ.

ಗೆರೆಗೆ ಮಾತ್ರ ಕೈಯಿಂದಲೇ ತೇಪೆ ಹಾಕಿದೆ. ಪಕ್ಕದಿಂದ ಗೆರೆಯಿರುವ ಉದ್ದದ ತುಂಡನ್ನು Ctrl+J ಮಾಡಿ, ಗೈಡಿನ ಮೇಲೆ ಜಾರಿಸಿ, ತುದಿಗಳನ್ನು ಮಾಸ್ಕ್‌ನಲ್ಲಿ ಮೆತ್ತಗೆ ಮರೆಸಿದೆ.

ಕೊನೆಗೆ ತಾತ್ಕಾಲಿಕವಾಗಿ ಮೇಲೊಂದು Curves ಲೇಯರ್ ಹಾಕಿ ಕಾಂಟ್ರಾಸ್ಟ್ ತುಂಬಾ ಏರಿಸಿ ನೋಡಿದೆ. ಸಾಮಾನ್ಯವಾಗಿ ಕಾಣದ ಜೋಡಣೆಯ ಕಲೆಗಳು ಆಗ ಎದ್ದು ಕಾಣುತ್ತವೆ. ಮರಳಿನಲ್ಲಿ ಒಂದೆರಡು ಕಡೆ ಒಂದೇ ಚಿಪ್ಪು ಎರಡು ಬಾರಿ ಸಿಕ್ಕಿತು, ಒಂದನ್ನು Spot Healing Brush ನಲ್ಲಿ ತೆಗೆದೆ. Curves ಲೇಯರ್ ಅಳಿಸಿ, ಎಡಗಡೆ ಅಕ್ಷರ ಕೂರಿಸಿ ಪ್ರಿಂಟಿಗೆ ಕಳಿಸಿದೆ.